ಮೇ ತಿಂಗಳ ಮೇಂಟೆನೆನ್ಸ್: ಲೆಕ್ಕ ಹೇಗೆ ಹಾಕಿದೆವು, ಯಾರಿಗೆ ಎಷ್ಟು ಬಂತು

ದಿನಾಂಕ: 2 ಮೇ 2026
ಎ ಮತ್ತು ಬಿ ಬ್ಲಾಕ್‌ನ ಎಲ್ಲ 48 ಮನೆಯವರಿಗೆ

ಎಲ್ಲರಿಗೂ ನಮಸ್ಕಾರ.

ಈ ತಿಂಗಳಿಂದ ಮೇಂಟೆನೆನ್ಸ್ ಹೊಸ ಲೆಕ್ಕದಲ್ಲಿ ಬರುತ್ತದೆ. ಎರಡು ಬೆಡ್‌ರೂಮ್ ಮನೆಗಳಿಗೆ ಸುಮಾರು 800 ರೂಪಾಯಿ ಜಾಸ್ತಿ ಆಗಿದೆ. ಮೂರು ಬೆಡ್‌ರೂಮ್ ಮನೆಗಳಿಗೆ ಹೆಚ್ಚುಕಮ್ಮಿ ಹಳೆಯಷ್ಟೇ. ಯಾಕೆ ಹೀಗೆ ಅಂತ ಕೇಳುವುದು ನ್ಯಾಯ. ಅದಕ್ಕೇ ಪೂರ್ತಿ ಲೆಕ್ಕ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ಚದರಡಿಗೆ 4 ರೂಪಾಯಿಯಂತೆ ಕಟ್ಟುತ್ತಿದ್ದೆವು. ನಮ್ಮದು ಒಟ್ಟು 60,000 ಚದರಡಿ, ಅಂದರೆ ತಿಂಗಳಿಗೆ 2,40,000. ಏಪ್ರಿಲ್‌ನಲ್ಲಿ ಬೇಕಾಗಿದ್ದು 2,58,800. ಕೊರತೆ ಬಿದ್ದಾಗಲೆಲ್ಲ ಸಿಂಕಿಂಗ್ ಫಂಡ್‌ಗೆ ಹಾಕಬೇಕಾದ ದುಡ್ಡಿನಲ್ಲೇ ತುಂಬಿಸುತ್ತಿದ್ದೆವು. 30,000 ಇಡಬೇಕಾದ ಕಡೆ ಏಪ್ರಿಲ್‌ನಲ್ಲಿ ಉಳಿದಿದ್ದು 11,200 ಮಾತ್ರ. ಕಟ್ಟಡಕ್ಕೆ 11 ವರ್ಷ ಆಯಿತು. ಹೋದ ಮಳೆಗಾಲದಲ್ಲಿ ಬಿ-404ರ ಮಲಗುವ ಕೋಣೆಯಲ್ಲಿ ಬಕೆಟ್ ಇಟ್ಟುಕೊಂಡು ಮಲಗಿದ್ದರು. ಟೆರೇಸ್ ವಾಟರ್‌ಪ್ರೂಫಿಂಗ್, ಬಣ್ಣ, ಲಿಫ್ಟ್ ರೋಪ್ ಎಲ್ಲ ಸಾಲಾಗಿ ಬರುತ್ತಿವೆ. ಆ ದುಡ್ಡು ಕರಗುವುದನ್ನು ನೋಡಿಕೊಂಡು ಸುಮ್ಮನೆ ಕೂರಲು ನನಗೆ ಆಗಲಿಲ್ಲ. ಮಾರ್ಚ್ ಸಭೆಯಲ್ಲಿ ನೀವೆಲ್ಲ ಒಪ್ಪಿದ ಮೇಲೆ ಖರ್ಚನ್ನು ಮೂರು ಭಾಗ ಮಾಡಿದ್ದೇವೆ.

ಮೊದಲನೆಯದು, ಮನೆ ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲರಿಗೂ ಒಂದೇ. ನಾಲ್ಕು ಜನ ಸೆಕ್ಯೂರಿಟಿಗೆ ಏಜೆನ್ಸಿ ಬಿಲ್ ತಲಾ 18,000ದಂತೆ 72,000. ಹೌಸ್‌ಕೀಪಿಂಗ್ ಮೂವರಿಗೆ 42,000. ಫಿನಾಯಿಲ್, ಪೊರಕೆ, ಲೆಕ್ಕಪತ್ರ, ಆಡಿಟ್‌ಗೆ 6,000. ಒಟ್ಟು 1,20,000. 48 ಮನೆಗೆ ಹಂಚಿದರೆ ಮನೆಗೆ 2,500. ಗೇಟ್ ಕಾಯುವವರು ದೊಡ್ಡ ಮನೆಗೆ ಜಾಸ್ತಿ, ಚಿಕ್ಕ ಮನೆಗೆ ಕಮ್ಮಿ ಅಂತ ಕಾಯುವುದಿಲ್ಲ ಅಲ್ವಾ?

ಎರಡನೆಯದು ಚದರಡಿ ಲೆಕ್ಕ. ಕಾಮನ್ ಕರೆಂಟ್ ಬಿಲ್ 31,000, ಜನರೇಟರ್ ಡೀಸೆಲ್ 8,000, ಎರಡು ಲಿಫ್ಟ್‌ಗಳ ಎಎಂಸಿ 9,000, ರಿಪೇರಿ 12,000, ಸಿಂಕಿಂಗ್ ಫಂಡ್ 30,000. ಸೇರಿ 90,000, ಅಂದರೆ ಚದರಡಿಗೆ 1.50. ಮೊದಲ ಮಹಡಿಯ ಕೆಲವರು "ನಾವು ಲಿಫ್ಟೇ ಹತ್ತಲ್ಲ" ಎಂದಿದ್ದಾರೆ. ಆದರೆ ಲಿಫ್ಟ್ ಎಲ್ಲರ ಆಸ್ತಿ. ನಾಳೆ ಮನೆ ಮಾರಿದರೂ ಬಾಡಿಗೆಗೆ ಕೊಟ್ಟರೂ ಅದರ ಬೆಲೆ ನಿಮಗೂ ಸೇರುತ್ತದೆ. ಹಾಗಾಗಿ ಇದರಲ್ಲಿ ವಿನಾಯಿತಿ ಇಟ್ಟಿಲ್ಲ.

ಮೂರನೆಯದು ನೀರು. ಜಾಸ್ತಿ ತಕರಾರು ಬರುವುದು ಇಲ್ಲೇ. ಏಪ್ರಿಲ್‌ನಲ್ಲಿ ಕಾವೇರಿ ನೀರು 400 ಕಿಲೋಲೀಟರ್ ಬಂತು, ಬಿಲ್ 12,800. ಸಾಲದ್ದಕ್ಕೆ 6,000 ಲೀಟರಿನ ಟ್ಯಾಂಕರ್ 40 ಲೋಡ್ ತರಿಸಿದೆವು. ಲೋಡಿಗೆ 900ರಂತೆ 36,000. ನೋಡಿ, ಟ್ಯಾಂಕರ್‌ನಿಂದ ಬಂದದ್ದು 240 ಕಿಲೋಲೀಟರ್ ಅಷ್ಟೇ, ದುಡ್ಡು ಮಾತ್ರ ಕಾವೇರಿಯ ಹತ್ತಿರ ಹತ್ತಿರ ಮೂರು ಪಟ್ಟು. ಪ್ರತಿ ಲೋಡ್ ಬಂದಾಗಲೂ ಗಾರ್ಡ್ ಏಣಿ ಹತ್ತಿ, ಮುಚ್ಚಳ ತೆಗೆದು, ತುಂಬಿದೆಯಾ ಅಂತ ನೋಡಿಯೇ ಚೀಟಿಗೆ ಸಹಿ ಹಾಕುತ್ತಾರೆ. ಅರ್ಧಂಬರ್ಧ ಬಂದಿದ್ದ ಎರಡು ಲೋಡ್ ವಾಪಸ್ ಕಳಿಸಿದ್ದೇವೆ, ಅವು ಈ ಲೆಕ್ಕದಲ್ಲಿ ಇಲ್ಲ.

ಬಂದ ನೀರು 640 ಕಿಲೋಲೀಟರ್, ಮನೆಗಳ ಮೀಟರಿನಲ್ಲಿ ಕಂಡದ್ದು 610. ಉಳಿದ 30 ಮೆಟ್ಟಿಲು ತೊಳೆಯಲು, ಗಿಡಗಳಿಗೆ ಹೋಗಿದೆ. ಅದನ್ನೂ ಸೇರಿಸಿಕೊಳ್ಳಲು 48,800 ರೂಪಾಯಿಯನ್ನು 610ರಿಂದ ಭಾಗಿಸಿದ್ದೇವೆ. ಕಿಲೋಲೀಟರಿಗೆ 80 ರೂಪಾಯಿ ಬಂತು. ಮಳೆ ಶುರುವಾಗಿ ಟ್ಯಾಂಕರ್ ಕಮ್ಮಿಯಾದರೆ ಈ ದರವೂ ಇಳಿಯುತ್ತದೆ.

ಉದಾಹರಣೆಗೆ ನಮ್ಮದೇ ಮನೆ, ಎ-203. 1,050 ಚದರಡಿ, ನೀರು 12 ಕಿಲೋಲೀಟರ್.
2,500 + 1,575 + 960 = 5,035 ರೂಪಾಯಿ. ಮೊದಲು 4,200 ಇತ್ತು.

1,450 ಚದರಡಿಯ ಮನೆ, 14 ಕಿಲೋಲೀಟರ್ ಬಳಸಿದ್ದರೆ:
2,500 + 2,175 + 1,120 = 5,795 ರೂಪಾಯಿ. ಮೊದಲು 5,800 ಇತ್ತು.

ಹೌದು, ಭಾರ ಚಿಕ್ಕ ಮನೆಗಳ ಮೇಲೆ ಬಿದ್ದಿದೆ. ನಿವೃತ್ತರಿಗೆ, ಒಂದೇ ಸಂಬಳದ ಮನೆಗಳಿಗೆ 800 ರೂಪಾಯಿ ಸಣ್ಣ ಮೊತ್ತ ಅಲ್ಲ, ನನಗೆ ಗೊತ್ತು. ಒಂದೇ ಸಲ ಕಟ್ಟಲು ಕಷ್ಟ ಆದರೆ ನನಗೆ ಹೇಳಿ, ಮೊದಲ ಮೂರು ತಿಂಗಳು ಎರಡು ಕಂತು ಮಾಡಿಕೊಳ್ಳೋಣ. ಈ ಮಾತು ನಮ್ಮಿಬ್ಬರಲ್ಲೇ ಇರುತ್ತದೆ.

ಬೀಗ ಹಾಕಿರುವ ಮನೆಗಳಿಗೆ ನೀರಿನ ದುಡ್ಡು ಇಲ್ಲ, ಉಳಿದೆರಡು ಭಾಗ ಕಟ್ಟಲೇಬೇಕು. ಯಾವ ಮನೆಯದೂ ತಿಂಗಳಿಗೆ 7,500 ದಾಟದ ಕಾರಣ ಜಿಎಸ್‌ಟಿ ಹಾಕಿಲ್ಲ.

ನಿಮ್ಮ ಮೀಟರ್ ರೀಡಿಂಗ್ ನೋಟಿಸ್ ಬೋರ್ಡಿನಲ್ಲಿದೆ. ತಾಳೆ ಆಗದಿದ್ದರೆ ಮೇ 8ರೊಳಗೆ ಹೇಳಿ, ಇಬ್ಬರೂ ಒಟ್ಟಿಗೆ ಮೀಟರ್ ನೋಡೋಣ. ಬಿಲ್‌ಗಳು, ಟ್ಯಾಂಕರ್ ಚೀಟಿಗಳು, ಪಾಸ್‌ಬುಕ್ ಎಲ್ಲ ಮೇ 10, ಭಾನುವಾರ ಬೆಳಗ್ಗೆ 10ರಿಂದ 12ರವರೆಗೆ ಸಂಘದ ಆಫೀಸಿನಲ್ಲಿ ಇಟ್ಟಿರುತ್ತೇನೆ. ಯಾರು ಬೇಕಾದರೂ ಬಂದು ನೋಡಬಹುದು. ದುಡ್ಡು ಕಟ್ಟಲು ಕೊನೆಯ ದಿನ ಮೇ 15. ಯುಪಿಐ ಅಥವಾ ಚೆಕ್ ಮಾತ್ರ, ಮನೆ ನಂಬರ್ ಬರೆಯಲು ಮರೆಯಬೇಡಿ.

ಇಂತಿ,
ಖಜಾಂಚಿ
ಅಪಾರ್ಟ್‌ಮೆಂಟ್ ಮಾಲೀಕರ ಸಂಘ