ಸಾಸಿವೆ ಡಬ್ಬಿ

ಬೆಳಗಿನ ಜಾವ ನಾಲ್ಕಕ್ಕೆ ಸಿದ್ದರಾಜು ಬಡ್ಡಿಯವನ ಮುಂದೆ ನಿಲ್ಲಬೇಕಿತ್ತು. ಕೈಗೆ ಬರುವುದು 1,800 ರೂಪಾಯಿ, ಸಂಜೆ ವಾಪಸ್ ಕೊಡುವುದು 2,000. ಮೈಸೂರಿನ ಬೀದಿಗಳಲ್ಲಿ ದಿನವಿಡೀ ತರಕಾರಿ ಗಾಡಿ ತಳ್ಳಿದ ದುಡಿಮೆ ಹಾಗೇ ಸೋರಿಹೋಗುತ್ತಿತ್ತು.

ಪಕ್ಕದ ಮನೆಯ ಗೌರಕ್ಕ ಒಂದು ದಿನ ಅವನ ಹೆಂಡತಿ ಮಾದೇವಿಯನ್ನು ಸ್ತ್ರೀಶಕ್ತಿ ಸಂಘಕ್ಕೆ ಕರೆದೊಯ್ದಳು. ಹದಿನೈದು ಹೆಂಗಸರು. ವಾರಕ್ಕೆ 140 ರೂಪಾಯಿ ಕಟ್ಟಬೇಕು.

"ಅಷ್ಟು ಎಲ್ಲಿಂದ ತರೋದು?"

"ದಿನಕ್ಕೆ ಇಪ್ಪತ್ತೇ ಅಲ್ವೇನೇ? ಡಬ್ಬಿಗೆ ಹಾಕು."

ಅಂದಿನಿಂದ ಗಾಡಿ ಮನೆಗೆ ಬಂದ ಕೂಡಲೇ ಇಪ್ಪತ್ತು ರೂಪಾಯಿ ಸಾಸಿವೆ ಡಬ್ಬಿಗೆ. ಎಂಟು ವರ್ಷದ ಮಗಳು ಪುಟ್ಟಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು.

ಆಷಾಢದ ಮಳೆಯಲ್ಲಿ ಎರಡು ಕ್ರೇಟ್ ಟೊಮೇಟೊ ಕೊಳೆತುಹೋಯಿತು. ಸಿದ್ದರಾಜು ಡಬ್ಬಿಗೆ ಕೈ ಹಾಕಿದ.

"ಅಪ್ಪಾ, ನಾಳೆ ಗುರುವಾರ. ಅಮ್ಮ ಸಂಘಕ್ಕೆ ಹೋಗ್ಬೇಕು."

ಅವನು ಮಗಳ ಮುಖವನ್ನೇ ನೋಡಿದ. ಡಬ್ಬಿ ಮುಚ್ಚಿ ಅಲ್ಲೇ ಇಟ್ಟ. ಆ ರಾತ್ರಿ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ.

ಆರು ತಿಂಗಳಾದ ಮೇಲೆ ಮಾದೇವಿ ಸಂಘದಲ್ಲಿ 5,000 ಸಾಲ ಕೇಳಿದಳು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ ನೂರು! ದಿನಾ ಇನ್ನೂರು ಕೊಡುತ್ತಿದ್ದವರಿಗೆ ಇದು ನಂಬುವ ಮಾತೇ ಆಗಿರಲಿಲ್ಲ. ಸಹಿ ಹಾಕುವಾಗ ಅವಳ ಕೈ ನಡುಗಿತು.

ಮಾರನೇ ದಿನ ಮಂಡಿಯಲ್ಲಿ ಸಿದ್ದರಾಜು ಸ್ವಂತ ದುಡ್ಡು ಎಣಿಸಿ ಕೊಟ್ಟ. ಬೀನ್ಸ್, ಬದನೆ, ಎರಡು ಕಟ್ಟು ಜಾಸ್ತಿ ಕೊತ್ತಂಬರಿ. ಸಂಜೆ ಪುಟ್ಟಿಗೆ ಒಂದು ಹೊಸ ಪೆನ್ಸಿಲ್ ತಂದ, ಗೀಟು ಹಾಕೋಕೆ.