ಅವಧಿ ಮುಗಿದ ಬಾದಾಮಿ ಪುಡಿ ಬಗ್ಗೆ ದೂರು

ಅಂಗಡಿ ಮಾಲೀಕರಿಗೆ ನಮಸ್ಕಾರ,

2025ರ ಜೂನ್ 14ರಂದು ನಿಮ್ಮ ಸರಸ್ವತಿಪುರಂ ಅಂಗಡಿಯಲ್ಲಿ 140 ರೂಪಾಯಿಗೆ ಬಾದಾಮಿ ಹಾಲಿನ ಪುಡಿ ಕೊಂಡೆ. ತಾರೀಕು ಎಷ್ಟು ಸಣ್ಣದಾಗಿ ಅಚ್ಚಾಗಿದೆ ಅಂದರೆ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ ಮೇಲೇ ಗೊತ್ತಾಯಿತು: ಪ್ಯಾಕ್ ಆಗಿದ್ದು 10/10/2024, ಆರು ತಿಂಗಳೊಳಗೆ ಬಳಸಬೇಕು. ಏಪ್ರಿಲ್‌ನಲ್ಲೇ ಮುಗಿದಿದೆ! ಮಕ್ಕಳಿಗೆ ಕಲಸಿ ಕೊಡುವ ಮುಂಚೆ ನೋಡಿದ್ದು ಪುಣ್ಯ.

ವಾಪಸ್ ತಂದರೆ ಕೌಂಟರ್‌ನಲ್ಲಿದ್ದವರು ‘ಬಿಲ್ ಆದ ಮಾಲು ತಗೊಳ್ಳಲ್ಲ’ ಅಂದರು. ಅವಧಿ ಮುಗಿದದ್ದನ್ನು ಮಾರುವುದೇ ಕಾನೂನಿಗೆ ವಿರುದ್ಧ ಅಲ್ವಾ, ಆ ನಿಯಮ ಇಲ್ಲಿ ಹೇಗೆ ನಡೆಯುತ್ತದೆ?

ನನ್ನ ಹಣ ವಾಪಸ್ ಕೊಡಿ, ಶೆಲ್ಫ್‌ನಲ್ಲಿ ಉಳಿದ ಅದೇ ಬ್ಯಾಚಿನ ಪ್ಯಾಕೆಟ್‌ಗಳನ್ನು ಇವತ್ತೇ ತೆಗೆಸಿ. ಬಿಲ್, ಪ್ಯಾಕೆಟ್ ಎರಡರ ಫೋಟೋನೂ ಕಳಿಸಿದ್ದೇನೆ. ಶನಿವಾರದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಹಳೇ ಗಿರಾಕಿ, ಮೈಸೂರು