ಗಣಪತಣ್ಣನಿಗೊಂದು ಟಪಾಲು: ಬೀಳ್ಕೊಡುಗೆ ವಿಡಿಯೊ ಸ್ಕ್ರಿಪ್ಟ್

30 ಜೂನ್ 2025, ಸೋಮವಾರ ಸಂಜೆ 5 ಗಂಟೆ. ಆಫೀಸಿನ ಸಾರ್ಟಿಂಗ್ ಹಾಲ್. ಸುಮಾರು ಎಂಟು ನಿಮಿಷದ ವಿಡಿಯೊ.

ಮಂಜು, ಎಡಿಟ್ ಮಾಡುವಾಗ ಒಂದು ಮಾತು ನೆನಪಿರಲಿ. ಫೋಟೊಗಳನ್ನು ಬೇಗ ಬೇಗ ಓಡಿಸಬೇಡ. ಒಂದೊಂದೂ ನಾಲ್ಕೈದು ಸೆಕೆಂಡ್ ನಿಲ್ಲಲಿ. ಹಿನ್ನೆಲೆಗೆ ಹಾಡು ಬೇಡ, ನಾನು ರೆಕಾರ್ಡ್ ಮಾಡಿ ಕಳಿಸಿದ ಮಳೆ ಸದ್ದು ಸಾಕು. ಮಾತಿನ ನಡುವೆ ಅದನ್ನು ಸಣ್ಣ ಮಾಡು.

(ಕಪ್ಪು ತೆರೆ. ಮಳೆ ಸದ್ದು. ಸೈಕಲ್ ಬೆಲ್ ಎರಡು ಸಲ.)

(ಫೋಟೊ: 1987. ಹೆಂಚಿನ ಮನೆ ಮುಂದೆ ಸೈಕಲ್ ಹಿಡಿದು ನಿಂತ 22 ವರ್ಷದ ಹುಡುಗ. ಖಾಕಿ ಅಂಗಿ ಎರಡು ಸೈಜ್ ದೊಡ್ಡದು.)

ಸವಿತಾಳ ದನಿ: ಇದು ನಮ್ಮ ಗಣಪತಣ್ಣ. ಇ.ಡಿ. ಪ್ಯಾಕರ್ ಆಗಿ ಸೇರಿದ ವಾರ ತೆಗೆಸಿದ ಫೋಟೊ. ಅಂಗಿ ಅವರ ಚಿಕ್ಕಪ್ಪನದಂತೆ, ಸೈಕಲ್ಲು ಪಕ್ಕದ ಮನೆಯವರದು. ಚೀಲ ಮಾತ್ರ ಇಲಾಖೆಯದು. ಆಮೇಲೆ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆದರು. ಶಿರಸಿ ಸೀಮೆಯ ಅಡಿಕೆ ತೋಟಗಳ ನಡುವೆ ಅದೇ ಬೀಟ್, ಇವತ್ತಿನವರೆಗೂ.

(ಫೋಟೊ: ಮುಂಗಾರಿನಲ್ಲಿ ಕೆಂಪು ನೀರು ಹರಿಯುವ ಹಳ್ಳ, ಅದರ ಮೇಲೆ ಅಡಿಕೆ ಮರದ ಸಂಕ.)

ಸವಿತಾಳ ದನಿ: ಈ ಸಂಕ ದಾಟಿದರೆ ನಮ್ಮ ಮನೆ. ಹೌದು, ನಾನು ಇವರ ಬೀಟಿನ ಹುಡುಗಿ. 2009ರ ಜುಲೈ. ಮೂರು ದಿನದಿಂದ ಬಿಡದ ಮಳೆ, ಕರೆಂಟಿಲ್ಲ, ಸಂಕದ ಮೇಲೆ ನೀರು. ಇವತ್ತು ಯಾರೂ ಬರಲ್ಲ ಅಂತ ಅಮ್ಮ ಬಾಗಿಲು ಮುಂದೆ ಮಾಡಿದ್ದರು. ಸಂಜೆ ನಾಲ್ಕಕ್ಕೆ ಅಂಗಳದಲ್ಲಿ "ಸವಿತಾ!" ಅಂತ ಕೂಗು. ಕಂಬಳಿ ಕೊಪ್ಪೆಯಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ಅವರು ಮೊದಲು ಕೈ ಒರೆಸಿಕೊಳ್ಳೋಕೆ ಬಟ್ಟೆ ಕೇಳಿದರು. ಆಮೇಲೆ ಅಂಗಿ ಒಳಗೆ ಕೈ ಹಾಕಿ, ಹೊಟ್ಟೆಗೆ ಒತ್ತಿಕೊಂಡು ತಂದಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ, ರಿಜಿಸ್ಟರ್ ಲಕೋಟೆ ಕೈಗಿಟ್ಟರು.

(ಫೋಟೊ: ಅದೇ ಲಕೋಟೆ. ಹತ್ತಿರದಿಂದ. ಠಸ್ಸೆ ಕಾಣಬೇಕು.)

ಸವಿತಾಳ ದನಿ: ನನ್ನ ನೇಮಕಾತಿ ಪತ್ರ. ಒಂದು ಹನಿ ನೀರು ತಾಗಿಲ್ಲ, ನೋಡಿ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ವಾರದೊಳಗೆ ಹಾಜರಾಗಬೇಕಿತ್ತು, ಕೆಲಸದ ಊರಿಗೆ ಹೋಗಿ ಸೇರೋಕೆ ಉಳಿದಿದ್ದು ಎರಡೇ ದಿನ. ಗಣಪತಣ್ಣ, ಅವತ್ತು ನೀವು ಮಳೆ ನೋಡಿ ನಾಳೆ ಬಂದರಾಯಿತು ಅಂದುಕೊಂಡಿದ್ದರೆ ನಾನು ಇವತ್ತು ಈ ಕೌಂಟರಿನಲ್ಲಿ ಕೂತಿರುತ್ತಿರಲಿಲ್ಲ. ನಿಮಗೆ ಕೊಟ್ಟಿದ್ದು ಒಂದು ಲೋಟ ಕಷಾಯ, ಅಷ್ಟೇ. ಈ ಮಾತನ್ನು ಎದುರಿಗೆ ಹೇಳೋಕೆ ನನಗೆ ಇಷ್ಟು ವರ್ಷ ಬಾಯಿ ಬಂದಿಲ್ಲ.

(ಫೋಟೊ: ಹಳೆಯ ಆಫೀಸ್. ಗೋಡೆ ಗಡಿಯಾರ, ಅರಗಿನ ಬಟ್ಟಲು, ಟಪಾಲು ಚೀಲಗಳು.)

ಪೋಸ್ಟ್‌ಮಾಸ್ಟರ್ ದನಿ: ಈಗಿನ ಹುಡುಗರಿಗೆ ಟೆಲಿಗ್ರಾಂ ಗೊತ್ತಿಲ್ಲ, 2013ರ ಜುಲೈಗೆ ಅದು ನಿಂತೇ ಹೋಯಿತಲ್ಲ. ಆಗೆಲ್ಲ ಹಳ್ಳಿ ಮನೆಗೆ ಟೆಲಿಗ್ರಾಂ ಬಂತು ಅಂದರೆ ಯಾರೋ ತೀರಿಕೊಂಡರು ಅಂತಲೇ ಲೆಕ್ಕ. ಕಾಗದ ಬಿಡಿಸುವ ಮೊದಲೇ ಅಳು ಶುರು. ಅದಕ್ಕೆ ಗಣಪತಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಳ್ಳೆ ಸುದ್ದಿ ಇದ್ದರೆ ದಣಪೆಯ ಹತ್ತಿರದಿಂದಲೇ ಜೋರಾಗಿ ಬೆಲ್ ಹೊಡೆದು "ಹೆದರಬೇಡಿ, ಕೆಲಸ ಸಿಕ್ಕಿದ್ದು" ಅಂತ ಕೂಗುವುದು. ಕೆಟ್ಟ ಸುದ್ದಿ ಇದ್ದರೆ ಬೆಲ್ ಇಲ್ಲ. ಸೈಕಲ್ ಹೊರಗೆ ನಿಲ್ಲಿಸಿ, ಸುಮ್ನೆ ನಡೆದು ಹೋಗಿ, ಮನೆಯ ಗಂಡಸರೊಬ್ಬರನ್ನು ಪಕ್ಕಕ್ಕೆ ಕರೆದು ಹೇಳುವುದು. ಹೇಳಿ ಹೊರಟು ಬರುತ್ತಿರಲಿಲ್ಲ, ಅಲ್ಲೇ ಒಂದಷ್ಟು ಹೊತ್ತು ಕೂರುತ್ತಿದ್ದರು. ಬೀಟ್ ಮುಗಿಸಿ ತಡವಾಗಿ ಬಂದ ದಿನ ನಾನು ಕಾರಣ ಕೇಳುತ್ತಿರಲಿಲ್ಲ.

(ಫೋಟೊ: 2020ರ ಏಪ್ರಿಲ್. ಮಾಸ್ಕ್ ಹಾಕಿದ ಗಣಪತಣ್ಣ, ಜಗಲಿಯಲ್ಲಿ ಅಜ್ಜಿ, ನಡುವೆ ಬೆರಳು ಗುರುತಿನ ಮಷಿನ್.)

ಮಂಜುನ ದನಿ: ಲಾಕ್‌ಡೌನ್ ಟೈಮು. ನಾನು ಕೆಲಸಕ್ಕೆ ಸೇರಿ ಆರು ತಿಂಗಳು. ಹೆಂಗಸರ ಜನ್‌ಧನ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, ಬ್ಯಾಂಕಿಗೆ ಹೋಗೋಕೆ ಬಸ್ಸಿಲ್ಲ. ನಾವೇ ಮಷಿನ್ ಹಿಡಿದು ಮನೆಮನೆಗೆ ಹೋದೆವು. ಈ ಅಜ್ಜಿ ಜೀವಮಾನವೆಲ್ಲ ಅಡಿಕೆ ಸುಲಿದವರು. ಚೊಗರು ಹಿಡಿದು ಬೆರಳಿನ ಗೆರೆಯೇ ಸವೆದುಹೋಗಿತ್ತು. ಮಷಿನ್ ಒಪ್ಪಲೇ ಇಲ್ಲ. ಆಗಲ್ಲ ಅಜ್ಜಿ ಅಂತ ನಾನು ಎದ್ದುಬಿಟ್ಟೆ. ಗಣಪತಣ್ಣ ಕೂತೇ ಇದ್ದರು. ಬಿಸಿನೀರು ತರಿಸಿದರು. ಕೈ ನೆನೆಸಿ, ಒರೆಸಿ, ಒಂದೊಂದೇ ಬೆರಳು ಇಟ್ಟು ನೋಡಿದರು. ಎಡಗೈ ಉಂಗುರದ ಬೆರಳು ಹಿಡಿಯಿತು.

(ಫೋಟೊ: ಜೇಬಿನ ಡೈರಿಯ ಒಂದು ಪುಟ. ಹೆಸರುಗಳನ್ನು ಮಸುಕು ಮಾಡು. ಬೆರಳಿನ ಹೆಸರು ಮಾತ್ರ ಕಾಣಲಿ.)

ಮಂಜುನ ದನಿ: ಇದು ಅವರ ಡೈರಿ. ಯಾವ ಮನೆಯಲ್ಲಿ ಯಾರಿಗೆ ಯಾವ ಬೆರಳು ಅಂತ ಬರೆದಿಟ್ಟಿದ್ದಾರೆ. "ಬಲ ಹೆಬ್ಬೆರಳು, ಸ್ನಾನ ಆದ ಮೇಲೆ." "ಎಡ ಕಿರುಬೆರಳು, ಒತ್ತಿ ಹಿಡಿಯಬೇಕು." ಹೋದ ವಾರ ಇದನ್ನು ನನ್ನ ಕೈಗೆ ಕೊಟ್ಟು, ಮುಂದಿನ ತಿಂಗಳಿನಿಂದ ನೀನೇ ಹೋಗುವುದಲ್ವಾ, ಇಟ್ಟುಕೋ ಅಂದರು. ಇಟ್ಟುಕೊಂಡಿದ್ದೇನೆ ಅಣ್ಣ.

(ಫೋಟೊಗಳು, ಮಾತಿಲ್ಲದೆ: 2024ರ ಮಾರಿಕಾಂಬಾ ಜಾತ್ರೆಯಲ್ಲಿ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದು. ಆಫೀಸಿನ ಆಯುಧಪೂಜೆ, ಸೈಕಲ್ಲಿಗೆ ಸೇವಂತಿಗೆ ಹಾರ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದು.)

(ವಿಡಿಯೊ: ಅಡುಗೆಮನೆ. ಅವರ ಹೆಂಡತಿ ಲಕ್ಷ್ಮಕ್ಕ. ಫೋನಿನಲ್ಲಿ ತೆಗೆದದ್ದು, ಕತ್ತರಿಸಬೇಡ.)

ಲಕ್ಷ್ಮಕ್ಕ: ನಾನು ಏನು ಹೇಳಲಿ... ಯಾರ ಮನೆಗೆ ಏನು ಬಂತು ಅಂತ ಒಂದು ದಿನ ಬಾಯಿ ಬಿಟ್ಟವರಲ್ಲ. ನನ್ನ ತವರುಮನೆಯೂ ಇವರದೇ ಬೀಟು. ಅಪ್ಪನಿಗೆ ಸಾಲದ ನೋಟಿಸ್ ಬಂದಿತ್ತು, ಇವರೇ ಕೊಟ್ಟು ಬಂದಿದ್ದರು. ನನಗೆ ಗೊತ್ತಾಗಿದ್ದು ಅಪ್ಪ ಹೇಳಿದ ಮೇಲೆ, ಎರಡು ತಿಂಗಳು ಕಳೆದು. ಅವತ್ತು ಜೋರು ಜಗಳ ಮಾಡಿದ್ದೆ. "ಅದು ಅವರ ಕಾಗದ, ನನ್ನದಲ್ಲ" ಅಂದರು, ಅಷ್ಟೇ. ಆಮೇಲೆ ನೋಡಿದರೆ ಆ ಎರಡು ತಿಂಗಳು ಇವರು ದಿನಾ ಅಪ್ಪನ ಜೊತೆ ಕೂತು ಮಾತಾಡಿಸಿ ಬರುತ್ತಿದ್ದರಂತೆ. ಈಗ ಅದನ್ನು ನೆನೆದರೆ ಗೌರವ ಬರುತ್ತದೆ. ಸಾಕಲ್ವಾ?

(ಫೋಟೊ: ಇವತ್ತು ಬೆಳಗ್ಗೆ ತೆಗೆದದ್ದು. ಸಾರ್ಟಿಂಗ್ ಕೇಸಿನ ಮುಂದೆ ಗಣಪತಣ್ಣ, ಬೆನ್ನು ಮಾತ್ರ ಕಾಣುತ್ತದೆ.)

ಸವಿತಾಳ ದನಿ: "ಸುಬ್ಬಣ್ಣ, ಹೊಳೆ ಆಚೆ ಮನೆ." "ದೊಡ್ಡ ಹಲಸಿನ ಮರದ ಹತ್ತಿರದ ಅತ್ತಿಗೆಗೆ." ಇಂಥ ವಿಳಾಸ ಬರೆದ ಕಾಗದಗಳು ಬರುತ್ತಿದ್ದವು. ಪಿನ್ ಕೋಡ್ ಇರಲ್ಲ, ಮನೆ ನಂಬರ್ ಇರಲ್ಲ. ನಾವು ತಿರುಗಿಸಿ ತಿರುಗಿಸಿ ನೋಡಿ ಕೊನೆಗೆ ಗಣಪತಣ್ಣನ ಮುಂದೆ ಇಡುವುದು. ಅವರು ಕನ್ನಡಕ ಹಣೆಗೇರಿಸಿ, ಅಕ್ಷರ ನೋಡಿ, "ಇದು ಮುಂಬೈಯಲ್ಲಿರುವ ಮಗನ ಅಕ್ಷರ, ಕೊಡಿ ಇಲ್ಲಿ" ಅನ್ನುವುದು. ನಾನು ನೋಡಿದ ಹಾಗೆ ಅವರ ಕೈಗೆ ಹೋದ ಅಂಥ ಕಾಗದ ಒಂದೂ ವಾಪಸ್ ಹೋಗಿಲ್ಲ.

(ಕಪ್ಪು ತೆರೆ. ಬಿಳಿ ಅಕ್ಷರದಲ್ಲಿ: "ಗಣಪತಣ್ಣ, ದಯವಿಟ್ಟು ಕೂತಲ್ಲೇ ಇರಿ. ನಿಮಗೊಂದು ರಿಜಿಸ್ಟರ್ ಇದೆ.")

(ಸೈಕಲ್ ಬೆಲ್, ಜೋರಾಗಿ. ಇಲ್ಲಿ ಹಾಲಿನ ದೀಪ ಹಾಕಬೇಕು. ಮಂಜು, ನೀನು ಯೂನಿಫಾರ್ಮಿನಲ್ಲಿ, ಚೀಲ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಬರಬೇಕು. ಲಕೋಟೆಯೊಳಗೆ ನಾವು ಹನ್ನೊಂದು ಜನ ಬರೆದ ಕಾಗದ ಇದೆ. ಶನಿವಾರವೇ ಕೌಂಟರಿನಲ್ಲಿ ದುಡ್ಡು ಕೊಟ್ಟು ಬುಕ್ ಮಾಡಿದ್ದೇನೆ, ಠಸ್ಸೆ ಬಿದ್ದಿದೆ. ಮೇಲೆ "ಗಣಪತಣ್ಣ, ನಮ್ಮ ಪೋಸ್ಟ್‌ಮ್ಯಾನ್" ಅಂತಷ್ಟೇ ಬರೆದಿದ್ದೇನೆ. ಪೆನ್ನು ನೀನೇ ಕೊಡು, ಎಲ್ಲಿ ಸಹಿ ಹಾಕಬೇಕು ಅಂತ ಬೆರಳಿಟ್ಟು ತೋರಿಸು. ಅವರು ಸಹಿ ಹಾಕುವವರೆಗೆ ಯಾರೂ ಚಪ್ಪಾಳೆ ತಟ್ಟುವುದು ಬೇಡ.)